ಒಂದೇ ವರ್ಷ, ಎರಡು ಪಿಇ: ಇಡೀ ಪೇಟೆಯ ಬೆಲೆ ಓದುವ ಬಗೆ

2008ರ ಜನವರಿ 8ರಂದು ನಿಫ್ಟಿ ಸೂಚ್ಯಂಕ ಸುಮಾರು 6,288ಕ್ಕೆ ಮುಗಿಯಿತು. ಅದೇ ವರ್ಷದ ದೀಪಾವಳಿಯ ಹಿಂದಿನ ದಿನ, ಅಕ್ಟೋಬರ್ 27ರಂದು, ಅದು 2,524ಕ್ಕೆ ಕುಸಿದಿತ್ತು. ಜನವರಿಯಲ್ಲಿ ಒಬ್ಬರು, ಅಕ್ಟೋಬರಿನಲ್ಲಿ ಇನ್ನೊಬ್ಬರು ಹಣ ಹಾಕಿ, ಇಬ್ಬರೂ ಹತ್ತು ವರ್ಷ ಸುಮ್ಮನಿದ್ದರು ಎಂದುಕೊಳ್ಳಿ. ಮೊದಲನೆಯವರ ಹಣ 1.7 ಪಟ್ಟಾಯಿತು, ಎರಡನೆಯವರದು 4 ಪಟ್ಟು. ಈ ಅಂತರವನ್ನು ಬಿಡಿಸಿ ತೋರಿಸುವ ಸರಳ ಸಾಧನವೇ ಇಡೀ ಪೇಟೆಯ ಪಿಇ.

ಪಿಇ ಎಂದರೆ ಬೆಲೆಯನ್ನು ಲಾಭದಿಂದ ಭಾಗಿಸಿದಾಗ ಬರುವ ಸಂಖ್ಯೆ. ಇಡೀ ಪೇಟೆಗೆ ಇದನ್ನು ಕಟ್ಟುವಾಗ ಪ್ರತಿ ಕಂಪನಿಯ ಪಿಇ ತೆಗೆದು ಸರಾಸರಿ ಮಾಡುವುದಿಲ್ಲ. ಎಲ್ಲ ಕಂಪನಿಗಳ ಮಾರುಕಟ್ಟೆ ಮೌಲ್ಯವನ್ನು ಕೂಡಿ, ಎಲ್ಲದರ ಲಾಭವನ್ನೂ ಕೂಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತಾರೆ. ತಲಾ 1,000 ಕೋಟಿ ಮೌಲ್ಯದ ಎರಡು ಕಂಪನಿಗಳಲ್ಲಿ ಒಂದು 50 ಕೋಟಿ, ಇನ್ನೊಂದು 5 ಕೋಟಿ ಗಳಿಸಿದರೆ ಅವುಗಳ ಪಿಇ 20 ಮತ್ತು 200. ಸರಾಸರಿ ತೆಗೆದರೆ 110 ಬರುತ್ತದೆ. ಆದರೆ 2,000 ಕೋಟಿ ಕೊಟ್ಟು ಎರಡನ್ನೂ ಕೊಂಡವನಿಗೆ ಸಿಗುವುದು 55 ಕೋಟಿ ಲಾಭ, ಅಂದರೆ ಅವನ ಪಿಇ ಸುಮಾರು 36. ಕೊಳ್ಳುವವನ ಕಣ್ಣಿನಿಂದ ನೋಡುವ ಈ ಲೆಕ್ಕವೇ ಸರಿ.

ಈಗ ಮತ್ತೆ 2008ಕ್ಕೆ ಬರೋಣ. ಜನವರಿಯಲ್ಲಿ ನಿಫ್ಟಿಯ ಪಿಇ 28ರ ಆಸುಪಾಸಿನಲ್ಲಿತ್ತು. 6,288ನ್ನು 28ರಿಂದ ಭಾಗಿಸಿದರೆ ಸೂಚ್ಯಂಕದ ಪಾಲಿನ ಲಾಭ ಸುಮಾರು 225. ಅಕ್ಟೋಬರಿನಲ್ಲಿ ಪಿಇ 11ರ ಹತ್ತಿರ ಬಂದಿತ್ತು, ಲಾಭ ಸುಮಾರು 230. ಬೆಲೆ ಅರ್ಧಕ್ಕಿಂತ ಕೆಳಗಿಳಿದಿದ್ದರೂ ಲಾಭ ಇದ್ದಲ್ಲೇ ಇತ್ತು. ನೂರು ರೂಪಾಯಿ ಹಾಕಿದವರ ಪಾಲಿಗೆ ಜನವರಿಯಲ್ಲಿ ಬಂದದ್ದು ಮೂರೂವರೆ ರೂಪಾಯಿ ಚಿಲ್ಲರೆ ಲಾಭ, ಅಕ್ಟೋಬರಿನಲ್ಲಿ ಒಂಬತ್ತು ರೂಪಾಯಿ.

ಹತ್ತು ವರ್ಷದ ನಂತರದ ಲೆಕ್ಕ ಇನ್ನೂ ಸೊಗಸು. 2018ರ ಜನವರಿಯಲ್ಲಿ ನಿಫ್ಟಿ 10,600ರ ಸುತ್ತ, ಪಿಇ 27ರ ಸುತ್ತ ಇತ್ತು. ಅಕ್ಟೋಬರಿನ ಕೊನೆಯಲ್ಲಿ ಸೂಚ್ಯಂಕ 10,030, ಪಿಇ 25ರ ಆಸುಪಾಸು. ಎರಡೂ ಕಡೆ ಲಾಭ 400ರ ಹತ್ತಿರ ಬರುತ್ತದೆ. ಅಂದರೆ ಇಬ್ಬರಿಗೂ ದೊರೆತ ಲಾಭದ ಬೆಳವಣಿಗೆ ಒಂದೇ, ಸುಮಾರು 1.7 ಪಟ್ಟು. ಮೊದಲನೆಯವರಿಗೆ ಅಷ್ಟೇ ಸಿಕ್ಕಿತು. ಎರಡನೆಯವರಿಗೆ ಅದರ ಮೇಲೆ ಪಿಇ 11ರಿಂದ 25ಕ್ಕೆ ಏರಿದ್ದೂ ಸಿಕ್ಕಿತು. ಲಾಭಾಂಶವನ್ನು ಬದಿಗಿಟ್ಟರೆ, ಪ್ರತಿಫಲ ಹುಟ್ಟುವುದು ಈ ಎರಡು ಮೂಲಗಳಿಂದ: ಲಾಭದ ಬೆಳವಣಿಗೆ ಮತ್ತು ಪಿಇಯ ಬದಲಾವಣೆ. ಪಿಇ ಹೇಳಬಲ್ಲದ್ದು ಎರಡನೆಯದರ ಬಗ್ಗೆ ಮಾತ್ರ. ಅದು ತೀರಾ ಮೇಲಿದ್ದಾಗ ಇನ್ನೂ ಏರಲು ಜಾಗ ಕಡಿಮೆ, ತೀರಾ ಕೆಳಗಿದ್ದಾಗ ಹೆಚ್ಚು. ಲಾಭ ಎಷ್ಟು ಬೆಳೆದೀತು ಎಂಬುದನ್ನು ಅದು ಹೇಳಲಾರದು.

ಪಿಇ ಯಾವಾಗ ಬದಲಾದೀತು ಎಂಬುದನ್ನೂ ಅದು ಹೇಳಲಾರದು. 1996ರ ಡಿಸೆಂಬರಿನಲ್ಲಿ ಅರ್ಥಶಾಸ್ತ್ರಜ್ಞರಾದ ಜಾನ್ ಕ್ಯಾಂಬೆಲ್ ಮತ್ತು ರಾಬರ್ಟ್ ಶಿಲ್ಲರ್ ಅಮೆರಿಕದ ಪೇಟೆ ವಿಪರೀತ ದುಬಾರಿಯಾಗಿದೆಯೆಂದು ಅಲ್ಲಿನ ಫೆಡರಲ್ ರಿಸರ್ವ್‌ಗೆ ವಿವರಿಸಿದರು. ಆಗ 750ರ ಸುತ್ತ ಇದ್ದ ಎಸ್ ಆ್ಯಂಡ್ ಪಿ 500 ಸೂಚ್ಯಂಕ 2000ದ ಮಾರ್ಚ್‌ನಲ್ಲಿ 1,500 ದಾಟಿತು. 2009ರ ಮಾರ್ಚ್‌ನಲ್ಲಿ ಅದು 700ಕ್ಕಿಂತ ಕೆಳಗಿತ್ತು. ಎಚ್ಚರಿಕೆ ಸುಳ್ಳಾಗಲಿಲ್ಲ, ಆದರೆ ಅದನ್ನು ನಂಬಿ ಮರುದಿನವೇ ಮಾರಿದವರು ಮೂರು ವರ್ಷ ಏರಿಕೆಯನ್ನು ಹೊರಗೆ ನಿಂತು ನೋಡಬೇಕಾಯಿತು.

ಪಿಇ ಓದುವವರು ಎಡವುವುದು ಹೆಚ್ಚಾಗಿ ಕೆಳಗಿನ ಸಂಖ್ಯೆಯಲ್ಲಿ, ಅಂದರೆ ಲಾಭದಲ್ಲಿ. 2021ರ ಫೆಬ್ರುವರಿಯಲ್ಲಿ ನಿಫ್ಟಿಯ ಪಿಇ 40 ದಾಟಿತ್ತು. ಅದಕ್ಕೆ ಬೆಲೆ ಏರಿದ್ದಷ್ಟೇ ಕಾರಣವಲ್ಲ, ಲಾಕ್‌ಡೌನಿನಲ್ಲಿ ಕುಗ್ಗಿದ ಲಾಭ ಇನ್ನೂ ಲೆಕ್ಕದಲ್ಲಿತ್ತು. ಆಗ ಸುಮಾರು 15,000 ಇದ್ದ ಸೂಚ್ಯಂಕ 2024ರ ಸೆಪ್ಟೆಂಬರಿನಲ್ಲಿ 26,000 ಮುಟ್ಟಿತು. ಇಂಥ ಏರಿಳಿತವನ್ನು ತಗ್ಗಿಸಲೆಂದೇ ಶಿಲ್ಲರ್ ಒಂದು ವರ್ಷದ ಲಾಭದ ಬದಲು, ಹಣದುಬ್ಬರಕ್ಕೆ ಸರಿಹೊಂದಿಸಿದ ಹತ್ತು ವರ್ಷಗಳ ಲಾಭದ ಸರಾಸರಿಯನ್ನು ಬಳಸಿದರು.

ಇನ್ನೊಂದು ಎಡವು ಇದಕ್ಕಿಂತ ಸದ್ದಿಲ್ಲದ್ದು. 2021ರ ಮಾರ್ಚ್ ಅಂತ್ಯದವರೆಗೆ ನಿಫ್ಟಿಯ ಪಿಇಗೆ ತಾಯಿ ಕಂಪನಿಯ ಲಾಭವನ್ನಷ್ಟೇ ಹಿಡಿಯುತ್ತಿದ್ದರು. ಆಮೇಲೆ ಅಂಗಸಂಸ್ಥೆಗಳ ಲಾಭವನ್ನೂ ಸೇರಿಸಿದರು. ಒಂದೇ ದಿನದಲ್ಲಿ ಪಿಇ 40ರ ಸುತ್ತಿನಿಂದ 33ರ ಸುತ್ತಿಗೆ ಇಳಿಯಿತು. ಪೇಟೆ ಅಗ್ಗವಾಗಿರಲಿಲ್ಲ, ಅಳತೆಗೋಲು ಬದಲಾಗಿತ್ತು. ಅದಕ್ಕೇ, ಇಂದಿನ ಪಿಇಯನ್ನು 2010ರ ಪಿಇಯ ಪಕ್ಕದಲ್ಲಿಟ್ಟು ಯಾರಾದರೂ ತೀರ್ಪು ಕೊಟ್ಟರೆ ಒಪ್ಪಬೇಡಿ. ಮೊದಲು ಲಾಭ ಯಾವ ವರ್ಷದ್ದು, ಅದರಲ್ಲಿ ಯಾರ್‍ಯಾರ ಪಾಲು ಸೇರಿದೆ ಎಂದು ಕೇಳಿ. ಉತ್ತರ ಸಿಕ್ಕಮೇಲೂ ಆ ಸಂಖ್ಯೆಯನ್ನು ಮುಂದಿನ ಹತ್ತು ವರ್ಷದ ನಿರೀಕ್ಷೆ ಕಟ್ಟಲು ಬಳಸಿ, ಮುಂದಿನ ತಿಂಗಳ ವಹಿವಾಟಿಗೆ ಬೇಡ.