ಕುಚ್ಚಲಕ್ಕಿಯ ಟ್ಯಾಂಕಿಗೆ ತಗಡು ಕತ್ತರಿಸುವ ಲೆಕ್ಕ

ಹೂಡೆ, ಮಲ್ಪೆಯಿಂದ ಹಿಡಿದು ಕಾರ್ಕಳದವರೆಗೆ ಮನೆಮನೆಯ ಊಟಕ್ಕೆ ಕುಚ್ಚಲಕ್ಕಿಯೇ ಬೇಕು. ಅಕ್ಕಿ ಗಿರಣಿಗಳಲ್ಲಿ ಭತ್ತವನ್ನು ನೆನೆಸಿ ಹಬೆಯಲ್ಲಿ ಬೇಯಿಸುವ ಉಕ್ಕಿನ ಟ್ಯಾಂಕುಗಳಿಗೆ ಸಾಮಾನ್ಯವಾಗಿ ಶಂಕುವಿನ ತಳವಿರುತ್ತದೆ. ಬೆಂದ ಭತ್ತ ಯಾರೂ ಎಳೆಯದೆ, ತನ್ನ ಭಾರಕ್ಕೇ ಜಾರಿ ಕೆಳಗಿನ ಬಾಯಿಯಿಂದ ಹೊರಬೀಳಬೇಕು. ಒಣ ಭತ್ತವನ್ನು ರಾಶಿ ಹಾಕಿದರೆ ಅದರ ಇಳಿಜಾರು ಸುಮಾರು 35ರಿಂದ 40 ಡಿಗ್ರಿಗೆ ನಿಲ್ಲುತ್ತದೆ. ಒದ್ದೆ ಭತ್ತ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಟ್ಯಾಂಕಿನ ತಳ ಅದಕ್ಕಿಂತ ಸಾಕಷ್ಟು ಕಡಿದಾಗಿರಬೇಕು. ಆ ಇಳಿಜಾರು ನಿರ್ಧಾರವಾಗುವುದು ಚಪ್ಪಟೆ ತಗಡಿನ ಮೇಲೆ ಗೆರೆ ಎಳೆಯುವ ಹೊತ್ತಿನಲ್ಲೇ. ಅಲ್ಲಿ ತಪ್ಪಾದ ತ್ರಿಜ್ಯವನ್ನು ಹಿಡಿದರೂ ತಳ ಟ್ಯಾಂಕಿಗೆ ಚೊಕ್ಕವಾಗಿ ಕೂತುಬಿಡುತ್ತದೆ. ಈ ಲೆಕ್ಕದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ.

ಶಂಕುವಿನ ತುದಿಯಿಂದ ಅಂಚಿನ ಯಾವ ಬಿಂದುವಿಗೆ ಅಳೆದರೂ ಮೇಲ್ಮೈಯ ಉದ್ದಕ್ಕೆ ದೂರ ಒಂದೇ. ಅದೇ ಓರೆ ಎತ್ತರ. ತುದಿಯಿಂದ ಅಂಚಿನವರೆಗೆ ನೇರವಾಗಿ ಸೀಳಿ ಬಿಡಿಸಿ ಹಾಸಿದಾಗ ಆ ದೂರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಾಗಾಗಿ ಅಂಚಿನ ಬಿಂದುಗಳೆಲ್ಲ ಒಂದು ವೃತ್ತದ ಕಂಸದ ಮೇಲೆ ಬಂದು ಕೂರುತ್ತವೆ. ಸಿಗುವುದು ತ್ರಿಜ್ಯಾಂತರ ಖಂಡ. ಅದರ ತ್ರಿಜ್ಯ ಶಂಕುವಿನ ಓರೆ ಎತ್ತರವೇ ಹೊರತು ಬಾಯಿಯ ತ್ರಿಜ್ಯವೂ ಅಲ್ಲ, ನೇರ ಎತ್ತರವೂ ಅಲ್ಲ. ಕಂಸದ ಉದ್ದ ಶಂಕುವಿನ ಬಾಯಿಯ ಪರಿಧಿಗೆ ಸಮ. ಬಾಯಿಯ ತ್ರಿಜ್ಯ r, ಓರೆ ಎತ್ತರ l ಆದರೆ ಕಂಸ 2πr. ಪೂರ್ತಿ ವೃತ್ತವಾಗಿದ್ದರೆ 2πl. ಆದ್ದರಿಂದ ಕೋನ 360 × r/l ಡಿಗ್ರಿ. ಕೋನವನ್ನು ನಿರ್ಧರಿಸುವುದು r ಮತ್ತು l ಎರಡರ ಅನುಪಾತ, ಅಂದರೆ ಶಂಕು ಎಷ್ಟು ಕಡಿದು ಎಂಬುದು ಮಾತ್ರ. ಒಂದೇ ಇಳಿಜಾರಿನ ಸಣ್ಣ ಆಲಿಕೆಗೂ ದೊಡ್ಡ ಟ್ಯಾಂಕಿಗೂ ಕೋನ ಒಂದೇ.

ಬಾಗಿದ ಮೇಲ್ಮೈಯನ್ನು ಹಿಗ್ಗಿಸದೆ ಹಾಸುವುದು ಹೇಗೆ ಸಾಧ್ಯ ಎಂದು ಯಾರಾದರೂ ಕೇಳಬಹುದು. ತೆಂಗಿನ ಕರಟವನ್ನು ಹಾಗೆ ಹಾಸಲಾಗದು ನಿಜ. ಗೋಳದ ತುಂಡನ್ನು ಹರಿಯದೆ, ಹಿಗ್ಗಿಸದೆ ಚಪ್ಪಟೆ ಮಾಡಲಾಗದು ಎಂಬುದು ಗಾಸ್‌ನ 1827ರ ಪ್ರಮೇಯದಿಂದ ಹೊರಡುತ್ತದೆ. ಆದರೆ ಶಂಕು ಒಂದು ದಿಕ್ಕಿನಲ್ಲಿ ಮಾತ್ರ ಬಾಗಿರುತ್ತದೆ. ತುದಿಯಿಂದ ಅಂಚಿಗೆ ಹೋಗುವ ಗೆರೆಗಳೆಲ್ಲ ನೇರವಾಗಿಯೇ ಇರುತ್ತವೆ, ಹಾಗಾಗಿ ಅದನ್ನು ಹಿಗ್ಗಿಸದೆ ಹಾಸಬಹುದು.

ಒಂದು ಟ್ಯಾಂಕಿನ ತಳದ ಬಾಯಿಯ ವ್ಯಾಸ 120 ಸೆಂ.ಮೀ., ಶಂಕುವನ್ನು ತುದಿಯವರೆಗೆ ಎಳೆದರೆ ನೇರ ಎತ್ತರ 80 ಸೆಂ.ಮೀ. ಎನ್ನೋಣ. ತ್ರಿಜ್ಯ 60, ಎತ್ತರ 80. ಪೈಥಾಗೊರಸ್ ಪ್ರಕಾರ ಓರೆ ಎತ್ತರ 100. ಕೋನ 360 × 60/100, ಅಂದರೆ 216 ಡಿಗ್ರಿ. ಗೋಡೆಯ ಇಳಿಜಾರು ನೆಲಕ್ಕೆ ಸುಮಾರು 53 ಡಿಗ್ರಿ. ಭತ್ತ ಬೀಳಲು ಕೆಳಗೆ 24 ಸೆಂ.ಮೀ. ವ್ಯಾಸದ ಬಾಯಿ ಬೇಕಾದರೆ, ಅದೇ ಅನುಪಾತದಲ್ಲಿ, ಖಂಡದ ಕೇಂದ್ರದಿಂದ 20 ಸೆಂ.ಮೀ. ತ್ರಿಜ್ಯದ ಒಳಭಾಗವನ್ನು ಕತ್ತರಿಸಿ ತೆಗೆಯಬೇಕು. ಉಳಿಯುವ ತಳದ ನೇರ ಎತ್ತರ 64 ಸೆಂ.ಮೀ.

ಈಗ ಕತ್ತರಿಸುವವರು ಓರೆ ಎತ್ತರದ ಬದಲು ನೇರ ಎತ್ತರ 80ನ್ನೇ ತ್ರಿಜ್ಯವಾಗಿ ಹಿಡಿದರು ಎನ್ನಿ. ಅಂಚಿನ ಕಂಸ 377 ಸೆಂ.ಮೀ. ಇರಲೇಬೇಕೆಂಬುದು ಅವರಿಗೆ ಗೊತ್ತು. ಅಷ್ಟು ಅಳೆದು ಕತ್ತರಿಸಿದರೆ ಕೋನ 270 ಡಿಗ್ರಿ ಆಗುತ್ತದೆ. ಸುತ್ತಿ ಬೆಸೆದರೆ ಅಂಚು ಟ್ಯಾಂಕಿಗೆ ಕೂದಲೆಳೆಯ ಅಂತರವಿಲ್ಲದೆ ಹೊಂದುತ್ತದೆ. ಆದರೆ ಇಳಿಜಾರು 41 ಡಿಗ್ರಿಗೆ ಇಳಿದಿರುತ್ತದೆ. ಒದ್ದೆ ಭತ್ತ ಗೋಡೆಗೆ ಅಂಟಿ ನಿಲ್ಲುವ ಅಪಾಯ ಅಲ್ಲಿದೆ. ಪತ್ತೆ ಮಾಡುವುದು ಕಷ್ಟವಲ್ಲ. ಬೆಸೆಯುವ ಮುನ್ನ ತಗಡನ್ನು ಸುತ್ತಿ ನಿಲ್ಲಿಸಿ, ಅಂಚಿನಿಂದ ಕೆಳಬಾಯಿಯವರೆಗೆ ಲಂಬವಾಗಿ ಅಳೆಯಬೇಕು. ಕೆಳಬಾಯಿ 24 ಸೆಂ.ಮೀ.ಗೇ ಇದ್ದು, 64 ಬರಬೇಕಾದಲ್ಲಿ 42 ಬಂದರೆ ತ್ರಿಜ್ಯವೇ ತಪ್ಪಿದೆ.

ತಗಡಿಗೆ ದಪ್ಪವಿದೆ, ಗಣಿತದ ಮೇಲ್ಮೈಗೆ ಇಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಬಾಗಿಸುವಾಗ ತಗಡಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವಿನ ಪದರ ಮಾತ್ರ ಬಹುತೇಕ ಹಾಗೆಯೇ ಉಳಿಯುತ್ತದೆ. ಹಾಗಾಗಿ ವ್ಯಾಸವನ್ನು ದಪ್ಪದ ನಡುವಿಗೆ ಲೆಕ್ಕ ಹಾಕಬೇಕು. 4 ಮಿ.ಮೀ. ತಗಡಿನಲ್ಲಿ ಹೊರ ವ್ಯಾಸವನ್ನೇ ಹಿಡಿದರೆ ಅಂಚು ಸುಮಾರು ಒಂದೂಕಾಲು ಸೆಂ.ಮೀ. ಉದ್ದವಾಗುತ್ತದೆ, ಬೆಸುಗೆಗೆ ಅದು ಸಣ್ಣ ತಪ್ಪಲ್ಲ.

ಇನ್ನೊಂದು ಅಡ್ಡಿ ಶೀಟಿನ ಅಳತೆ. 216 ಡಿಗ್ರಿಯ ಈ ಖಂಡಕ್ಕೆ 200 ಸೆಂ.ಮೀ. ಉದ್ದ, 131 ಸೆಂ.ಮೀ. ಅಗಲದ ಜಾಗ ಬೇಕು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಶೀಟು 122 ಸೆಂ.ಮೀ.ಗೇ ಮುಗಿಯುತ್ತದೆ. ಆಗ 108 ಡಿಗ್ರಿಯ ಎರಡು ತುಂಡು ಮಾಡಿ ಎರಡು ಕಡೆ ಬೆಸೆಯಬಹುದು. ಕೋನವನ್ನು ಹೀಗೆ ಹಂಚಿಕೊಳ್ಳಬಹುದು, ತ್ರಿಜ್ಯ 100 ಮಾತ್ರ ಎರಡರಲ್ಲೂ ಹಾಗೆಯೇ ಇರಬೇಕು. ದೊಡ್ಡ ಶೀಟಿನ ಮೇಲೆ ಕೋನಮಾಪಕವನ್ನು ನಂಬುವುದಕ್ಕಿಂತ ಜ್ಯಾ ಅಳೆಯುವುದು ಮೇಲು: 100 ಸೆಂ.ಮೀ. ತ್ರಿಜ್ಯದಲ್ಲಿ 108 ಡಿಗ್ರಿಯ ಎರಡು ತುದಿಗಳ ನೇರ ಅಂತರ 161.8 ಸೆಂ.ಮೀ.

ಈ ವಿಧಾನ ಸೋಲುವುದು ಶಂಕು ಬಹುತೇಕ ಕೊಳವೆಯಂತಾದಾಗ. ಒಂದು ಮೀಟರ್ ಓರೆ ಉದ್ದದಲ್ಲಿ ತ್ರಿಜ್ಯ 60ರಿಂದ 58 ಸೆಂ.ಮೀ.ಗೆ ಮಾತ್ರ ಇಳಿಯುವ ಕೊಳವೆಯ ತುದಿ 30 ಮೀಟರ್ ಆಚೆ ಇರುತ್ತದೆ. ಅಷ್ಟು ದೂರದ ಕೇಂದ್ರದಿಂದ ಕಂಸ ಎಳೆಯಲು ಯಾವ ಕಾರ್ಯಾಗಾರದಲ್ಲೂ ಜಾಗವಿಲ್ಲ; ಅಲ್ಲಿ ಮೇಲ್ಮೈಯನ್ನು ಕಿರಿದಾದ ತ್ರಿಭುಜಗಳಾಗಿ ಒಡೆದು ಒಂದೊಂದಾಗಿ ತಗಡಿಗೆ ಇಳಿಸುತ್ತಾರೆ.