ಡೆಮೊ ಕ್ಲಾಸಿಗೆ ಮೊದಲು ಒಂದು ಇಮೇಲ್

ಏಪ್ರಿಲ್, ಮೇ ತಿಂಗಳಲ್ಲಿ ಖಾಸಗಿ ಶಾಲೆಗಳ ಇಮೇಲ್‌ಗೆ ಶಿಕ್ಷಕರ ಅರ್ಜಿಗಳು ಬಂದು ಬೀಳುತ್ತವೆ. ಎಷ್ಟೋ ಅರ್ಜಿಗಳಲ್ಲಿ ವಿಷಯದ ಸಾಲು ಖಾಲಿ. ಒಳಗೆ ‘ಬಯೋಡೇಟಾ ಲಗತ್ತಿಸಿದೆ, ಯಾವ ತರಗತಿಗಾದರೂ ಪಾಠ ಮಾಡಬಲ್ಲೆ’ ಎಂಬ ಒಂದೇ ವಾಕ್ಯ. ಓದುವ ಮುಖ್ಯ ಶಿಕ್ಷಕರಿಗೆ ತಿಳಿಯಬೇಕಾದದ್ದು ಎರಡು ಸಂಗತಿ: ಈ ತರಗತಿಗೆ ಬೇಕಾದ ಅರ್ಹತೆ ಇವರಿಗಿದೆಯೇ? ಹಲಗೆಯ ಮುಂದೆ ನಿಂತರೆ ಪಾಠ ನಡೆಯುತ್ತದೆಯೇ? ಒಳ್ಳೆಯ ಅರ್ಜಿ ಈ ಎರಡಕ್ಕೂ ಹತ್ತು ಹನ್ನೆರಡು ಸಾಲಿನಲ್ಲೇ ಉತ್ತರ ಕೊಡುತ್ತದೆ.

ಹಿರಿಯ ಪ್ರಾಥಮಿಕ ತರಗತಿಗಳಿಗೆ ಗಣಿತ ಶಿಕ್ಷಕರು ಬೇಕೆಂದು ಒಂದು ಶಾಲೆ ಪ್ರಕಟಿಸಿದೆ ಎಂದುಕೊಳ್ಳಿ. ವಿಷಯದ ಸಾಲಿನಲ್ಲಿ ‘ಗಣಿತ ಶಿಕ್ಷಕಿ (6–8ನೇ ತರಗತಿ) ಹುದ್ದೆಗೆ ಅರ್ಜಿ’ ಎಂದು ಬರೆದ ಒಬ್ಬರ ಇಮೇಲ್ ಹೀಗಿರಬಹುದು:

‘ಮಾನ್ಯರೇ, ನಿಮ್ಮ ಶಾಲೆಯ ಗಣಿತ ಶಿಕ್ಷಕಿ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಬಿ.ಎಸ್ಸಿ. (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಮತ್ತು ಬಿ.ಎಡ್. ಮುಗಿಸಿದ್ದೇನೆ. ಟಿಇಟಿ ಪತ್ರಿಕೆ–2ರಲ್ಲಿ ತೇರ್ಗಡೆಯಾಗಿದ್ದೇನೆ. ಮೂರು ವರ್ಷ 6 ಮತ್ತು 7ನೇ ತರಗತಿಗೆ ಗಣಿತ ಕಲಿಸಿದ್ದೇನೆ. ಆಮೇಲೆ ಮಗುವಿನ ಆರೈಕೆಗಾಗಿ ಒಂದು ವರ್ಷ ಕೆಲಸ ಬಿಟ್ಟಿದ್ದೆ.

ತಮಗೆ ಒಪ್ಪಿಗೆಯಾದರೆ 6ನೇ ತರಗತಿಯ ಮಟ್ಟಕ್ಕೆ 20 ನಿಮಿಷದ ಡೆಮೊ ಪಾಠ ಮಾಡುತ್ತೇನೆ. ಪಾಠ: ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳ ಸಂಕಲನ. ಹಲಗೆ, ಸೀಮೆಸುಣ್ಣ ಇದ್ದರೆ ಸಾಕು, ಕಾಗದದ ಪಟ್ಟಿಗಳನ್ನು ನಾನೇ ತರುತ್ತೇನೆ. ಬೇರೆ ಪಾಠವೇ ಬೇಕಿದ್ದರೆ ಎರಡು ದಿನ ಮೊದಲು ತಿಳಿಸಿ. ಬರುವ ಗುರುವಾರದಿಂದ ಶನಿವಾರದವರೆಗೆ ಬೆಳಿಗ್ಗೆ 10ರ ನಂತರ ಯಾವಾಗ ಕರೆದರೂ ಬರುತ್ತೇನೆ.’

ಅರ್ಹತೆಯ ಸಾಲುಗಳನ್ನು ಮೊದಲು ನೋಡೋಣ. ಪದವಿಗಳ ಪಟ್ಟಿ ಇಲ್ಲಿ ಉದ್ದವಿಲ್ಲ, ಆದರೆ ಪ್ರತಿಯೊಂದೂ ಹುದ್ದೆಗೆ ತಾಳೆಯಾಗುತ್ತದೆ. 1ರಿಂದ 8ನೇ ತರಗತಿಯ ಶಿಕ್ಷಕರಿಗೆ ಟಿಇಟಿ ಕನಿಷ್ಠ ಅರ್ಹತೆಗಳಲ್ಲಿ ಒಂದು ಎಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರಲ್ಲಿ ಗೊತ್ತುಮಾಡಿತು. ಪತ್ರಿಕೆ–1 ಐದನೆಯ ತರಗತಿಯವರೆಗೆ, ಪತ್ರಿಕೆ–2 ಆರರಿಂದ ಎಂಟರವರೆಗೆ. ಆದ್ದರಿಂದ ‘ಟಿಇಟಿ ಪಾಸ್’ ಎಂದಷ್ಟೇ ಬರೆದರೆ ಸಾಲದು, ಯಾವ ಪತ್ರಿಕೆ ಎಂದು ಹೇಳಬೇಕು. ಹಳೆಯ ಪ್ರಮಾಣಪತ್ರ ಇರುವವರು ಹಿಂಜರಿಯಬೇಕಿಲ್ಲ. ಏಳು ವರ್ಷವಿದ್ದ ಅದರ ಅವಧಿಯನ್ನು 2021ರಲ್ಲಿ ಜೀವನಪರ್ಯಂತಕ್ಕೆ ವಿಸ್ತರಿಸಲಾಗಿದೆ. ‘ಯಾವ ತರಗತಿಗಾದರೂ’ ಎಂಬ ಮಾತು ಎಡವುವುದೂ ಇಲ್ಲೇ. ಬಿ.ಎಡ್. ಪದವಿ ಐದನೆಯವರೆಗಿನ ತರಗತಿಗಳಿಗೆ ಅರ್ಹತೆಯಲ್ಲ, ಅಲ್ಲಿಗೆ ಡಿ.ಎಲ್.ಎಡ್.ನಂಥ ತರಬೇತಿ ಬೇಕು ಎಂಬುದು ಸುಪ್ರೀಂ ಕೋರ್ಟಿನ 2023ರ ಆಗಸ್ಟ್ ತೀರ್ಪಿನಲ್ಲಿ ಸ್ಪಷ್ಟವಾಗಿದೆ.

ಕೆಲಸ ಬಿಟ್ಟ ಒಂದು ವರ್ಷವನ್ನು ಮುಚ್ಚಿಡದೆ ಒಂದೇ ಸಾಲಿನಲ್ಲಿ ಹೇಳಿದ್ದೂ ಸರಿಯೇ. ಇಸವಿಗಳ ನಡುವಿನ ಖಾಲಿ ಜಾಗ ಬಯೋಡೇಟಾದಲ್ಲಿ ಹೇಗೂ ಕಣ್ಣಿಗೆ ಬೀಳುತ್ತದೆ, ಸಂದರ್ಶನದಲ್ಲಿ ಅದೇ ಮೊದಲ ಪ್ರಶ್ನೆಯಾಗುತ್ತದೆ. ಲಗತ್ತಿಸಲು ಎರಡು ಪುಟದ ಬಯೋಡೇಟಾ ಪಿಡಿಎಫ್ ಒಂದಿದ್ದರೆ ಸಾಕು. ಆಧಾರ್ ಪ್ರತಿ, ಅಂಕಪಟ್ಟಿಗಳನ್ನೆಲ್ಲ ಈಗಲೇ ಕಳಿಸಬೇಕಾಗಿಲ್ಲ, ಕರೆದ ದಿನ ಮೂಲಪ್ರತಿ ತೋರಿಸಿದರಾಯಿತು.

ಇನ್ನು ಡೆಮೊ ಪಾಠದ ಮಾತು. ‘ಡೆಮೊ ಕೊಡಲು ಸಿದ್ಧ’ ಎಂದು ಎಲ್ಲರೂ ಬರೆಯುತ್ತಾರೆ. ಈಕೆ ಪಾಠವನ್ನೇ ಹೆಸರಿಸಿದ್ದಾರೆ, ಅದನ್ನು ಆರಿಸಿದ್ದರಲ್ಲೂ ಜಾಣತನವಿದೆ. 1/2 + 1/3 ಎಷ್ಟು ಎಂದರೆ ಎಷ್ಟೋ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಎನ್ನುತ್ತಾರೆ. ಬೇಸಿಗೆ ರಜೆಯಲ್ಲಿ ಶಾಲೆಯಲ್ಲಿ ಮಕ್ಕಳಿರುವುದಿಲ್ಲ, ಶಿಕ್ಷಕರೇ ಬೆಂಚಿನಲ್ಲಿ ಕೂತು ಮಕ್ಕಳಾಗುತ್ತಾರೆ. ಅವರಲ್ಲೊಬ್ಬರು ಬೇಕೆಂದೇ 2/5 ಎಂದು ಉತ್ತರ ಹೇಳುವುದು ಹೆಚ್ಚುಕಮ್ಮಿ ಖಚಿತ.

‘ತಪ್ಪು, ಲಸಾಅ ತೆಗೆಯಬೇಕು’ ಎಂದುಬಿಟ್ಟರೆ ಪಾಠ ಅಲ್ಲಿಗೇ ಮುಗಿಯಿತು. ಕಾಗದದ ಪಟ್ಟಿ ಕೆಲಸಕ್ಕೆ ಬರುವುದು ಆಗಲೇ. 12 ಸೆಂಟಿಮೀಟರ್ ಉದ್ದದ ಪಟ್ಟಿಯಲ್ಲಿ ಅರ್ಧ ಎಂದರೆ 6. ಅದೇ ಪಟ್ಟಿಯ 2/5 ಅಳೆದರೆ 4.8 ಮಾತ್ರ. ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ? ಹೀಗೆ ಕೇಳಿ ಸುಮ್ಮನೆ ನಿಂತರೆ ಎದುರಿನವರೇ ಯೋಚಿಸತೊಡಗುತ್ತಾರೆ. ಆಮೇಲೆ ಮೂರನೇ ಒಂದು ಭಾಗ 4 ಸೆಂಟಿಮೀಟರ್; ಆರು, ನಾಲ್ಕು ಸೇರಿ 10; ಹನ್ನೆರಡರಲ್ಲಿ ಹತ್ತು, ಅಂದರೆ 5/6. ಲಸಾಅ ಯಾಕೆ ಬೇಕು ಎಂಬುದು ಅದರ ಹೆಸರೆತ್ತುವ ಮೊದಲೇ ಗೊತ್ತಾಗಿರುತ್ತದೆ.

ಇಮೇಲ್‌ನಲ್ಲಿ ಇದನ್ನೆಲ್ಲ ವಿವರಿಸಿಲ್ಲ, ವಿವರಿಸಲೂಬಾರದು. ‘ಕಾಗದದ ಪಟ್ಟಿಗಳನ್ನು ನಾನೇ ತರುತ್ತೇನೆ’ ಎಂಬ ಮಾತನ್ನು ಗಣಿತ ಕಲಿಸಿದ ಮುಖ್ಯ ಶಿಕ್ಷಕರೊಬ್ಬರು ಓದಿದರೆ ಸಾಕು. ಆ ಪಟ್ಟಿಯನ್ನು ಎಲ್ಲಿ ಮಡಿಸುತ್ತಾರೆ ಎಂದು ನೋಡುವುದಕ್ಕಾದರೂ ಗುರುವಾರವೇ ಬನ್ನಿ ಎಂದು ಉತ್ತರ ಬರೆಯುತ್ತಾರೆ.