‘ಹೌದು’ ಎಂದು ಒತ್ತಿದ ಮೇಲೂ ಉಳಿಯುವ ಪ್ರಶ್ನೆಗಳು

2025ರ ಆರಂಭದಲ್ಲಿ ‘ದಿ ಫೆಂಟಾಸ್ಟಿಕ್ ಫೋರ್’ ಚಿತ್ರದ ಟ್ರೇಲರ್ ಹುಡುಕಿದವರಿಗೆ ಯೂಟ್ಯೂಬ್‌ನಲ್ಲಿ ಅಸಲಿಗಿಂತ ಮೊದಲು ನಕಲಿಯೇ ಸಿಗುತ್ತಿದ್ದುದುಂಟು. ಭಾರತದ ಸ್ಕ್ರೀನ್ ಕಲ್ಚರ್ ಎಂಬ ಒಂದೇ ಚಾನೆಲ್ ಆ ಚಿತ್ರಕ್ಕೆ 23 ಟ್ರೇಲರ್ ಹೊರತಂದಿತ್ತು. ಅಸಲಿ ದೃಶ್ಯಗಳ ನಡುವೆ ಎಐ ಸೃಷ್ಟಿಸಿದ ಚಿತ್ರಗಳನ್ನು ಸೇರಿಸಿ ಹೊಲಿದ ವಿಡಿಯೊಗಳವು. ಮಾರ್ಚಿನಲ್ಲಿ ಡೆಡ್‌ಲೈನ್ ಪತ್ರಿಕೆ ಈ ವ್ಯವಹಾರವನ್ನು ಬಯಲಿಗೆಳೆಯಿತು. ಯೂಟ್ಯೂಬ್ ಜಾಹೀರಾತು ಹಣ ನಿಲ್ಲಿಸಿತು. ಆಗ ಶೀರ್ಷಿಕೆಗಳಲ್ಲಿ ‘ಕಾನ್ಸೆಪ್ಟ್ ಟ್ರೇಲರ್’ ಎಂಬಂಥ ಪದಗಳು ಕಾಣಿಸಿಕೊಂಡವು, ಹಣವೂ ಮತ್ತೆ ಹರಿಯಿತು. ಕ್ರಮೇಣ ಆ ಪದಗಳು ಮಾಯವಾದವು. ಡಿಸೆಂಬರಿನಲ್ಲಿ ಚಾನೆಲ್ಲೇ ಮಾಯವಾಯಿತು.

ನೈಜವೆನಿಸುವ ಕೃತಕ ದೃಶ್ಯವನ್ನು ವೀಕ್ಷಕರಿಗೆ ತಿಳಿಸಲೇಬೇಕೆಂಬ ನಿಯಮವನ್ನು ಯೂಟ್ಯೂಬ್ 2024ರ ಮಾರ್ಚಿನಲ್ಲಿ ಜಾರಿಗೆ ತಂದಿತು. ವಿಡಿಯೊ ಏರಿಸುವಾಗ Altered content ಎಂಬಲ್ಲಿ ಹೌದು ಅಥವಾ ಇಲ್ಲ ಎನ್ನಬೇಕು. ನಿಜವಾದ ವ್ಯಕ್ತಿ ಆಡದ ಮಾತನ್ನು ಆಡಿಸಿದರೆ, ನಡೆದ ಘಟನೆಯನ್ನು ತಿರುಚಿದರೆ, ನಡೆಯದ್ದನ್ನು ನಡೆದಂತೆ ತೋರಿಸಿದರೆ ‘ಹೌದು’. ಇನ್ನೊಬ್ಬರ ಕಂಠವನ್ನು ನಕಲು ಮಾಡಿ ನಿರೂಪಣೆ ಕೊಟ್ಟರೂ ಅಷ್ಟೇ. ಬಣ್ಣ ತಿದ್ದಿದ್ದಕ್ಕೆ, ಕಾರ್ಟೂನಿಗೆ, ಎಐ ನೆರವಿನಿಂದ ಸ್ಕ್ರಿಪ್ಟ್ ಬರೆದದ್ದಕ್ಕೆ ಬೇಕಿಲ್ಲ. ಸಾಮಾನ್ಯವಾಗಿ ಲೇಬಲ್ ವಿವರಣೆಯಲ್ಲಿ ಅಡಗಿರುತ್ತದೆ. ಆರೋಗ್ಯ, ಚುನಾವಣೆ, ಹಣಕಾಸಿನ ವಿಷಯವಾದರೆ ವಿಡಿಯೊ ಮೇಲೆಯೇ ಬರುತ್ತದೆ.

‘ಹೌದು’ ಎಂದರೆ ಆದಾಯ ಕುಸಿಯುತ್ತದೆಂಬ ಭಯ ಹಲವರಿಗಿದೆ. ಅದರಿಂದ ವೀಕ್ಷಣೆಗಾಗಲಿ ಗಳಿಕೆಗಾಗಲಿ ಮಿತಿ ಬೀಳುವುದಿಲ್ಲ ಎನ್ನುತ್ತದೆ ಯೂಟ್ಯೂಬ್. ಪದೇ ಪದೇ ಮುಚ್ಚಿಟ್ಟರೆ ಮಾತ್ರ ವಿಡಿಯೊ ತೆಗೆದುಹಾಕಬಹುದು, ಪಾರ್ಟ್ನರ್ ಪ್ರೋಗ್ರಾಂನಿಂದ ಹೊರಗಿಡಬಹುದು.

ಆದರೆ ಹಣದ ಲೆಕ್ಕ ಬೇರೆ. 2025ರ ಜುಲೈನಲ್ಲಿ ಸ್ಪಷ್ಟಪಡಿಸಿದ ನೀತಿಯ ಪ್ರಕಾರ, ಒಂದೇ ಅಚ್ಚಿನಲ್ಲಿ ರಾಶಿರಾಶಿ ತಯಾರಾದ ವಿಡಿಯೊಗಳಿಗೆ ಜಾಹೀರಾತು ಹಣವಿಲ್ಲ. ಅದೇ ಯಾಂತ್ರಿಕ ದನಿ, ಅದೇ ಸರಿದಾಡುವ ಚಿತ್ರಗಳು, ಊರಿನ ಹೆಸರಷ್ಟೇ ಬದಲು ಎಂಬಂಥ ‘ರಹಸ್ಯ ದೇವಾಲಯ’ದ ಸರಣಿ ಪ್ರಾಮಾಣಿಕವಾಗಿ ಲೇಬಲ್ ಹಾಕಿಕೊಂಡೂ ಇಲ್ಲಿ ಸಿಕ್ಕಿಬೀಳಬಹುದು.

ಕಂಠದ ಹಕ್ಕಂತೂ ಲೇಬಲ್ಲಿಗೆ ಬಗ್ಗುವುದೇ ಇಲ್ಲ. ಕನ್ನಡಿಗರಿಗೂ ಮನೆಮಾತಾಗಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ತೆಲುಗಿನ ‘ಕೀಡಾ ಕೋಲಾ’ ಚಿತ್ರ ಎಐ ಮೂಲಕ ಮರುಸೃಷ್ಟಿಸಿದಾಗ, ಮಗ ಚರಣ್ 2024ರಲ್ಲಿ ಲೀಗಲ್ ನೋಟಿಸ್ ಕಳಿಸಿದರು. ಅದೇ ವರ್ಷ ಅರಿಜಿತ್ ಸಿಂಗ್ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್, ಅನುಮತಿಯಿಲ್ಲದೆ ಗಾಯಕರ ಕಂಠವನ್ನು ನಕಲಿಸುವುದು ಮೇಲ್ನೋಟಕ್ಕೆ ವ್ಯಕ್ತಿತ್ವದ ಹಕ್ಕಿನ ಉಲ್ಲಂಘನೆ ಎಂದಿತು.

2026ರ ಫೆಬ್ರುವರಿ 20ರಿಂದ ಭಾರತದ ಐಟಿ ನಿಯಮಗಳೂ ಸೇರಿಕೊಂಡಿವೆ. ವಿಷಯ ಕೃತಕವೇ ಎಂದು ದೊಡ್ಡ ಜಾಲತಾಣಗಳು ಬಳಕೆದಾರರಿಂದ ಘೋಷಣೆ ಪಡೆದು ಲೇಬಲ್ ಹಾಕಬೇಕು. ಸರ್ಕಾರ ಅಥವಾ ನ್ಯಾಯಾಲಯ ಆದೇಶಿಸಿದರೆ ಮೂರು ಗಂಟೆಯೊಳಗೆ ತೆಗೆಯಬೇಕು.

ಹಣ ನಿಂತ ಚಾನೆಲ್ಲಿಗೆ ಮೇಲ್ಮನವಿಗೆ 21 ದಿನ ಸಿಗುತ್ತದೆ. ಜೊತೆಗೆ ವಿಡಿಯೊ ತಯಾರಾದ ಬಗೆಯನ್ನು ತೋರಿಸುವ, ಐದು ನಿಮಿಷ ಮೀರದ ಇನ್ನೊಂದು ವಿಡಿಯೊ ಕೊಡಬಹುದು. ಎಡಿಟಿಂಗ್ ಕಡತ, ಸ್ಕ್ರಿಪ್ಟಿನ ಕರಡು, ಕಂಠದಾನಿಯ ಲಿಖಿತ ಒಪ್ಪಿಗೆಯನ್ನು ಅಳಿಸದೆ ಇಟ್ಟವರಿಗೆ ಅಲ್ಲಿ ತೋರಿಸಲು ಏನಾದರೂ ಇರುತ್ತದೆ.